ಮುಚ್ಚಿದ ಹುಲಿಗೆ ಮೂವತ್ತು

ಕಾಲೇಜಿನ ಗೇಟಿನವರೆಗೆ ಹೋದವಳು ಒಳಗೆ ಕಾಲಿಡದೆ ತಿರುಗಿ ಬಂದೆ. ಒಳಗೆ ಹೋಗಿ ಮೇಡಂ ಮುಂದೆ ನಾಲ್ಕು ಮಾತು ಹೇಳಿದ್ದರೆ ನನ್ನ ತಮ್ಮ ಆ ವರ್ಷ ಪರೀಕ್ಷೆಗೆ ಕೂಡುತ್ತಿದ್ದ. ನಾನು ಹೇಳಲಿಲ್ಲ. ಹೇಳಬೇಕಾದ ಹೊತ್ತು ಬಂದದ್ದೂ ನನ್ನಿಂದಲೇ. ಇದನ್ನು ಬರೆಯುವುದಕ್ಕೆ ಕೂತಾಗಲೂ ಮೊದಲು ಬೇರೆಯವರ ತಪ್ಪನ್ನೇ ಬರೆಯಲು ಮನಸ್ಸು ಎಳೆಯುತ್ತದೆ. ಅದಕ್ಕೆ ನನ್ನದನ್ನು ಮೇಲೆ ಬರೆದುಬಿಟ್ಟೆ.

ನಾನು ಓದಿದ್ದು ಏಳನೇ ಇಯತ್ತೆವರೆಗೆ, ಬೇವೂರಿನ ಸಾಲೆಯಲ್ಲಿ. ಆಮೇಲೆ ಅಜ್ಜಿ ಹಾಸಿಗೆ ಹಿಡಿದಳು, ಅವ್ವ ಕೂಲಿಗೆ ಹೋಗುತ್ತಿದ್ದಳು, ಅಜ್ಜಿಯ ಹತ್ತಿರ ಇರಲು ಒಬ್ಬರು ಬೇಕಿತ್ತು. ತಮ್ಮ ಆಗ ಎರಡನೇ ಇಯತ್ತೆ. ಅಜ್ಜಿ ತೀರಿಕೊಂಡ ಮೇಲೆ ನಾವು ಭಾಗ್ಯನಗರಕ್ಕೆ ಬಂದೆವು. ಅಪ್ಪ ಕುಷ್ಟಗಿಯ ಎಣ್ಣೆ ಮಿಲ್ಲಿನಲ್ಲೇ ಉಳಿದ, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ. ನಾನು ಒಂದು ಝೆರಾಕ್ಸ್ ಅಂಗಡಿ ಸೇರಿದೆ. ಕಸ ಹೊಡೆಯಲು ಸೇರಿದವಳು ಮಷಿನ್ ಕಲಿತೆ, ಸ್ಪೈರಲ್ ಹಾಕುವುದು ಕಲಿತೆ, ಕೀಲಿಗಳ ಮೇಲಿನ ಅಕ್ಷರ ನೋಡಿ ನೋಡಿ ಟೈಪಿಂಗ್ ಕಲಿತೆ. ಇಂಗ್ಲಿಷನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತೇನೆ. ಅರ್ಥ ಅರ್ಧ ಆಗುತ್ತದೆ, ಅರ್ಧ ಇಲ್ಲ.

ಆ ಅಂಗಡಿಯಲ್ಲಿ ಒಂದು ರೂಢಿ ಇತ್ತು. ವಿದ್ಯಾರ್ಥಿಗಳು ಪ್ರಿಂಟ್ ತೆಗೆಸಲು ಪೆನ್‌ಡ್ರೈವ್ ತರುತ್ತಾರೆ. ನಾವು ಅದರಲ್ಲಿದ್ದದ್ದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತೇವೆ, ಪ್ರಿಂಟ್ ಕೊಡುತ್ತೇವೆ, ಫೈಲನ್ನು ಅಳಿಸುವುದಿಲ್ಲ. ವಿಷಯದ ಹೆಸರು ಹಾಕಿದ ಒಂದೊಂದು ಫೋಲ್ಡರಿನಲ್ಲಿ ಅವು ಕೂತಿರುತ್ತವೆ. ಮುಂದಿನ ವರ್ಷದ ಹುಡುಗರು ಬಂದು, ರೆಕಾರ್ಡ್ ಐತೇನ್ರಿ, ಪ್ರಾಜೆಕ್ಟ್ ಐತೇನ್ರಿ ಎಂದು ಕೇಳಿದಾಗ ತೆಗೆದು ಕೊಡುತ್ತೇವೆ. ಯಾರದು ಎಂದು ಅವರು ಕೇಳುವುದಿಲ್ಲ, ನಾವು ಹೇಳುವುದಿಲ್ಲ. ಮಾಲಕರು ಇದನ್ನು ಸೇವೆ ಎನ್ನುತ್ತಿದ್ದರು. ನಾನು ಅದರಲ್ಲಿ ತಪ್ಪು ಕಂಡವಳಲ್ಲ. ತಮ್ಮನ ಫೈಲುಗಳನ್ನು ಮಾತ್ರ ಪ್ರಿಂಟ್ ಆದ ಕೂಡಲೇ ಅಳಿಸುತ್ತಿದ್ದೆ. ತಪ್ಪು ಎಂದು ಗೊತ್ತಿತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ತಮ್ಮ ಇಂಜಿನಿಯರಿಂಗ್ ಕಾಲೇಜು ಸೇರಿ ಮೂರನೇ ವರ್ಷದಲ್ಲಿದ್ದ. ಹಿಟ್ನಾಳದ ದಾರಿಯಲ್ಲಿ, ಹೈವೇ ಪಕ್ಕಕ್ಕೆ ಆ ಕಾಲೇಜು. ಅವರಿಗೆ ಕೃತಕ ಬುದ್ಧಿಮತ್ತೆ ಎಂಬ ಒಂದು ವಿಷಯ. ಮೇಡಂ ಒಂದು ಅಸೈನ್‌ಮೆಂಟ್ ಕೊಟ್ಟಿದ್ದರು: ಇಬ್ಬರು ಆಡುವ ಒಂದು ಆಟ ಆರಿಸಿಕೊಂಡು, ಮಿನಿಮ್ಯಾಕ್ಸ್ ಎಂಬ ವಿಧಾನದಲ್ಲಿ ಕಂಪ್ಯೂಟರೇ ಆಡುವಂಥ ಪ್ರೋಗ್ರಾಂ ಬರೆಯಬೇಕು. ಬಹಳ ಜನ ಸೊನ್ನೆ-ಕತ್ತರಿ ಗುರುತು ಹಾಕುವ ಒಂಬತ್ತು ಮನೆಯ ಆಟ ಹಿಡಿದಿದ್ದರು. ಯಾವಾಗಲೂ ತಮ್ಮನ ಪಕ್ಕ ಕೂಡುತ್ತಿದ್ದ ಹಿಟ್ನಾಳದ ಗೆಳೆಯನದೂ ಅದೇ. ತಮ್ಮನಿಗೆ ಮಾತ್ರ ಹುಲಿಕುರಿ ಆಟ ಮಾಡುವ ಹುಚ್ಚು. ಅವನಿಗೆ ಆ ಅಸೈನ್‌ಮೆಂಟಿನ ಅಂಕ ಬೇಕೇ ಬೇಕಿತ್ತು. ಮೊದಲ ಟೆಸ್ಟಿನ ಹೊತ್ತಿಗೆ ಟೈಫಾಯ್ಡ್ ಬಂದು ಮಲಗಿದ್ದ. ಟೆಸ್ಟು, ಅಸೈನ್‌ಮೆಂಟಿಗೆ ಕಾಲೇಜಿನವರೇ ಕೊಡುವ ಒಳ ಅಂಕ ಇಷ್ಟಾದರೂ ಇದ್ದರೆ ಮಾತ್ರ ಆ ವಿಷಯದ ಪರೀಕ್ಷೆಗೆ ಬಿಡುತ್ತಾರೆ, ಇಲ್ಲದಿದ್ದರೆ ಮುಂದಿನ ವರ್ಷ ಮತ್ತೆ ಕೂತು ಕೇಳಬೇಕು. ಎರಡನೇ ಟೆಸ್ಟು ಮತ್ತು ಈ ಅಸೈನ್‌ಮೆಂಟು ಕೂಡಿದರೆ ಗೆರೆ ದಾಟುತ್ತಿದ್ದ. ಇದು ಮನೆಯಲ್ಲಿ ನನಗೂ ಅವ್ವನಿಗೂ ಗೊತ್ತಿತ್ತು.

ಹುಲಿಕುರಿ ನಮ್ಮ ಅಜ್ಜಿಯ ಆಟ. ಮೂರು ಹುಲಿ, ಹದಿನೈದು ಕುರಿ. ಮೂರು ಹುಲಿ ಮೊದಲೇ ಮಣೆಯ ಮೇಲೆ ಇರುತ್ತವೆ. ಕುರಿಯವನು ಒಂದು ಕುರಿ ಇಡುತ್ತಾನೆ, ಹುಲಿಯವನು ಒಂದು ಹುಲಿ ನಡೆಸುತ್ತಾನೆ. ಹುಲಿಯ ಮುಂದೆ ಕುರಿ ಇದ್ದು, ಕುರಿಯ ಹಿಂದಿನ ಮನೆ ಖಾಲಿ ಇದ್ದರೆ ಹುಲಿ ಹಾರಿ ಕುರಿ ತಿನ್ನುತ್ತದೆ. ಹದಿನೈದೂ ಇಟ್ಟಾದ ಮೇಲೆಯೇ ಕುರಿಗಳಿಗೆ ನಡೆ. ಹುಲಿಗಳನ್ನು ಅಲ್ಲಾಡದ ಹಾಗೆ ಮುಚ್ಚಿದರೆ ಕುರಿ ಗೆದ್ದಂತೆ. ಇಷ್ಟು ಎಲ್ಲ ಕಡೆ ಇದೆ. ಅಜ್ಜಿಯದು ಒಂದು ಕಟ್ಟಳೆ ಹೆಚ್ಚಿಗೆ ಇತ್ತು: ಐದು ಕುರಿ ಮಣೆಗೆ ಬರುವವರೆಗೆ ಹುಲಿ ಬಾಯಿ ಹಾಕುವಂತಿಲ್ಲ. ಮರಿಗಳು, ಮಂದಿ ಕೂಡಲಿ ಎನ್ನುತ್ತಿದ್ದಳು. ನಮ್ಮ ಓಣಿಯಲ್ಲೂ ಬೇರೆಯವರು ಹೀಗೆ ಆಡುತ್ತಿರಲಿಲ್ಲ, ಅಜ್ಜಿಯ ಕಟ್ಟೆಯ ಮೇಲೆ ಮಾತ್ರ. ಹಾಸಿಗೆ ಹಿಡಿದ ಎರಡು ವರ್ಷವೂ ಅವಳು ಮಲಗಿದಲ್ಲಿಂದಲೇ ನನ್ನ ಜೊತೆ ಆಡಿದಳು. ನಾನು ಸಾಲೆ ಬಿಟ್ಟು ಕಲಿತದ್ದು ಅದೊಂದೇ.

ಒಂದು ಸಂಜೆ ತಮ್ಮ ತನ್ನ ಹಳೆಯ ಲ್ಯಾಪ್‌ಟಾಪ್ ತಂದು ಅಡುಗೆಮನೆಯ ಹೊಸ್ತಿಲಲ್ಲಿ ಕೂತ. ನಾನು ರೊಟ್ಟಿ ಬಡಿಯುತ್ತಿದ್ದೆ. ಕಂಪ್ಯೂಟರ್ ಹುಲಿ ಆಡ್ತೈತಿ, ನೀ ಕುರಿ ಆಡು ಅಂದ. ಹಿಟ್ಟಿನ ಕೈಯಲ್ಲೇ ಬೆರಳು ತೋರಿಸುತ್ತಿದ್ದೆ, ಅವನು ಕುರಿ ಇಡುತ್ತಿದ್ದ. ಎರಡು ಕುರಿ ಉಣಿಸಿ ಮೂರು ಹುಲಿಯನ್ನೂ ಮುಚ್ಚಿದೆ. ಇನ್ನೊಮ್ಮೆ ಆಡಿಸಿದ, ಇನ್ನೊಮ್ಮೆ ಮುಚ್ಚಿದೆ.

ಅವನು ನಗುತ್ತ ಹೇಳಿಕೊಟ್ಟ. ಈ ಪ್ರೋಗ್ರಾಂ ತನ್ನ ನಡೆ ಒಂದು, ನನ್ನ ಉತ್ತರ ಒಂದು, ಮತ್ತೆ ತನ್ನದು, ಮತ್ತೆ ನನ್ನದು, ಹೀಗೆ ನಾಲ್ಕು ನಡೆವರೆಗೆ ಆಗಬಹುದಾದದ್ದನ್ನೆಲ್ಲ ಆಡಿ ನೋಡುತ್ತದೆ. ನಾಲ್ಕನೆಯ ನಡೆಯ ಕೊನೆಗೆ ಮಣೆ ಹೇಗಿದೆ ಎಂದು ಒಂದು ಅಂಕ ಕೊಡುತ್ತದೆ. ಹುಲಿ ದೊಡ್ಡ ಅಂಕ ಹುಡುಕುತ್ತದೆ, ಕುರಿ ಸಣ್ಣ ಅಂಕ ಹುಡುಕುತ್ತದೆ ಎಂದು ಹಿಡಿದು, ಆ ಅಂಕವನ್ನು ಕೆಳಗಿನಿಂದ ಮೇಲಕ್ಕೆ ತರುತ್ತದೆ. ಎದುರಿನವನು ನನಗೆ ಅತಿ ಕೆಟ್ಟದ್ದನ್ನೇ ಮಾಡುತ್ತಾನೆ ಎಂದು ಮೊದಲೇ ತಿಳಿದು, ಅದರೊಳಗೆ ನನಗೆ ಒಳ್ಳೆಯದು ಯಾವುದು ಎಂದು ಆರಿಸುವುದು. ಅಜ್ಜಿಯೂ ಹೀಗೇ ಹೇಳುತ್ತಿದ್ದಳು, ಎದುರಿನವರ ಕೈಲಿಂದ ಒಮ್ಮೆ ಆಡಿ ನೋಡು ಅಂತ. ಇದರಲ್ಲಿ ನನಗೆ ಹೊಸದೇನೂ ಕಾಣಲಿಲ್ಲ.

ಅವನ ತಪ್ಪು ಅಂಕದಲ್ಲಿತ್ತು. ತಿಂದ ಕುರಿಗೆ ಹತ್ತು, ಅಷ್ಟೇ. ಬೇರೆ ಏನನ್ನೂ ಎಣಿಸುತ್ತಿರಲಿಲ್ಲ. ಅದಕ್ಕೇ ಹುಲಿ ಕಂಡ ಕುರಿಯನ್ನೆಲ್ಲ ತಿನ್ನಲು ಹೋಗಿ ಸಿಕ್ಕಿಬೀಳುತ್ತಿತ್ತು. ಸಿಕ್ಕಿಬೀಳುವುದು ಐದನೆಯ ನಡೆಗೋ ಆರನೆಯ ನಡೆಗೋ ಇರುತ್ತಿತ್ತು, ಅದು ನೋಡುತ್ತಿದ್ದದ್ದು ನಾಲ್ಕೇ. ನಾನು ಹೇಳಿದೆ, ಹುಲಿಗೆ ಎಷ್ಟು ಬಾಗಿಲು ತೆರೆದಿವೆ ಎಣಿಸು, ಒಂದೊಂದು ಬಾಗಿಲಿಗೆ ಒಂದು ಅಂಕ ಕೊಡು. ಹಿಂದೆ ಖಾಲಿ ಬಿಟ್ಟು ನಿಂತ ಕುರಿಯನ್ನೂ ಎಣಿಸು. ಒಂದು ಹುಲಿ ಪೂರ್ತಿ ಮುಚ್ಚಿಹೋದರೆ ಮೂರು ಕುರಿ ತಿಂದಷ್ಟು ಕಳೆ.

“ಅಂದ್ರ ಮೂವತ್ತು ಕಳೀಲೇನು?”

“ಮೂವತ್ತು ಕಳಿ.”

ಬರೆದುಕೊಂಡ. ಯಾಕೆ ಮೂರು, ಯಾಕೆ ನಾಲ್ಕಲ್ಲ ಎಂದು ಕೇಳಲಿಲ್ಲ.

ಒಂದು ವಾರ ಹಾಗೆ ಹೋಯಿತು. ಆರು ನಡೆವರೆಗೆ ನೋಡಲು ಹಚ್ಚಿದಾಗ ಹುಲಿ ಒಂದು ಹೆಜ್ಜೆ ಇಡುವಷ್ಟರಲ್ಲಿ ನಾನು ಪಾತ್ರೆ ತಿಕ್ಕಿ ಮುಗಿಸುತ್ತಿದ್ದೆ. ಆಮೇಲೆ ಅವನು ಒಂದು ಕತ್ತರಿ ಹಾಕಿದ. ಹುಲಿಯ ಒಂದು ನಡೆಗೆ ಕುರಿ ಕೊಡುವ ಒಂದು ಉತ್ತರ ನೋಡಿದಾಗಲೇ, ಕೈಯಲ್ಲಿರುವ ಹಿಂದಿನ ನಡೆಗಿಂತ ಇದು ಕೆಟ್ಟದ್ದು ಎಂದು ಗೊತ್ತಾದರೆ, ಆ ನಡೆಯ ಉಳಿದ ಉತ್ತರಗಳನ್ನು ನೋಡುವುದೇ ಬೇಡ. ಸಿಗುವ ನಡೆ ಅಷ್ಟೇ ಒಳ್ಳೆಯದು, ಹೊತ್ತು ಮಾತ್ರ ಕಡಿಮೆ. ಈಗ ಹುಲಿ ನಾನು ಚೆಲ್ಲಿದ ಕುರಿಯನ್ನು ಮುಟ್ಟದೆ ಸುಮ್ಮನೆ ಬಾಗಿಲು ಕಾಯತೊಡಗಿತು. ಮೊದಲ ಸಲ ನಾನು ಸೋತೆ. ಸೋತದ್ದಕ್ಕೆ ಎಷ್ಟು ಖುಷಿಪಟ್ಟೆನೆಂದರೆ, ಅವ್ವನನ್ನು ಕರೆದು ತೋರಿಸಿದೆ. ಅವ್ವ ನೋಡಿ, ಅತ್ತಿ ಸತ್ತರೂ ಆಟ ಬಿಡವಲ್ಲಳು ನೋಡು ಎಂದು ನಕ್ಕಳು.

ಕೊಡುವ ದಿನ ಬುಧವಾರ. ಮಂಗಳವಾರ ಮಧ್ಯಾಹ್ನ ತಮ್ಮ ಅಂಗಡಿಗೆ ಬಂದು ಪೆನ್‌ಡ್ರೈವ್ ಕೊಟ್ಟ. ವರದಿ ಮತ್ತು ಪ್ರೋಗ್ರಾಂ ಎರಡನ್ನೂ ಪ್ರಿಂಟ್ ತೆಗೆ, ತಪ್ಪು ಇದ್ದರೆ ತಿದ್ದಿ ನಾಳೆ ಕಾಲೇಜಿನ ಪೋರ್ಟಲ್‌ಗೆ ಹಾಕುತ್ತೇನೆ ಎಂದ. ಪ್ರಿಂಟ್ ತೆಗೆದುಕೊಂಡು ಹೋದ.

ಅವನು ಹೋದ ಮೇಲೆ ನಾನು ಕಂಪ್ಯೂಟರಿನಲ್ಲಿ ಆ ವರದಿ ತೆರೆದೆ. ನನ್ನ ಬಗ್ಗೆ ಏನು ಬರೆದಿದ್ದಾನೆ ನೋಡಬೇಕಿತ್ತು. ಅಕ್ಷರ ಕೂಡಿಸಿ ಕೂಡಿಸಿ ಹುಡುಕಿದೆ. ಹೆಸರಿಲ್ಲ. ಅಕ್ಕ ಎಂಬುದರ ಇಂಗ್ಲಿಷು ನನಗೆ ಗೊತ್ತು, ಅದೂ ಇಲ್ಲ. ಅಂಕ ಹೇಗೆ ಕೊಟ್ಟೆ ಎನ್ನುವ ಕಡೆ ಒಂದು ಸಾಲು ಇತ್ತು. ಅರ್ಥವಾಗದೆ, ಪಹಣಿ ಝೆರಾಕ್ಸಿಗೆ ಬಂದಿದ್ದ ಒಬ್ಬ ಮಾಸ್ತರರನ್ನು ಕೇಳಿದೆ. ಅವರು ಕನ್ನಡಕ ಏರಿಸಿ ಓದಿ, “ಸ್ಥಳೀಯ ಆಟಗಾರರೊಬ್ಬರನ್ನು ವಿಚಾರಿಸಿ ಈ ಅಂಕಗಳನ್ನು ಇಟ್ಟುಕೊಳ್ಳಲಾಗಿದೆ ಅಂತ ಐತಿ ನೋಡಮ್ಮ” ಎಂದರು.

ಸ್ಥಳೀಯ ಆಟಗಾರರೊಬ್ಬರು. ಒಂದೇ ಮನೆಯಲ್ಲಿ, ಒಂದೇ ತಟ್ಟೆಯಲ್ಲಿ ಉಂಡು ಬೆಳೆದವನು ಹಾಗೆ ಬರೆದಿದ್ದ. ಅವನು ಕೆಟ್ಟ ಮನಸ್ಸಿನಿಂದ ಬರೆದಿರಲಿಲ್ಲ. ವರದಿ ಹಾಗೇ ಬರೆಯಬೇಕಂತೆ, ಅಕ್ಕ ಅವ್ವ ಎಂದು ಬರೆದರೆ ನಗುತ್ತಾರಂತೆ. ಇದು ಈಗ ಗೊತ್ತು. ಆ ಮಧ್ಯಾಹ್ನ ಗೊತ್ತಿರಲಿಲ್ಲ, ಕೇಳಬೇಕು ಅನ್ನಿಸಲೂ ಇಲ್ಲ. ಫೈಲನ್ನು ಅಳಿಸದೆ ಬಿಟ್ಟೆ. ಮರೆತು ಬಿಟ್ಟದ್ದಲ್ಲ.

ಒಂದು ತಾಸು ಆಗಿರಬಹುದು, ಅದೇ ಕ್ಲಾಸಿನ ಹುಡುಗನೊಬ್ಬ ಬಂದ. ಗಂಗಾವತಿಯವನು, ಕ್ಲಾಸಿನ ಮುಂದಾಳು. ಇಡೀ ಕ್ಲಾಸಿನ ಪ್ರಿಂಟುಗಳನ್ನು ಒಟ್ಟಿಗೆ ನಮ್ಮ ಅಂಗಡಿಗೇ ತರುತ್ತಿದ್ದ, ಹಾಗಾಗಿ ಮಾಲಕರಿಗೆ ಅವನೆಂದರೆ ಬಹಳ ಪ್ರೀತಿ. ನಾನು ಯಾರ ಅಕ್ಕ ಎಂದು ಅವನಿಗೆ ಗೊತ್ತಿರಲಿಲ್ಲ, ನನ್ನ ತಮ್ಮನೂ ಅಂಗಡಿಗೆ ಬಂದಾಗ ನನ್ನ ಜೊತೆ ಹೆಚ್ಚು ಮಾತಾಡುತ್ತಿರಲಿಲ್ಲ. ಅಕ್ಕಾರ, ನಾಳೆ ಕೊಡುವುದಿದೆ, ಮಿನಿಮ್ಯಾಕ್ಸಿನದು ಯಾವುದಾದರೂ ಇದ್ದರೆ ಕೊಡ್ರಿ ಎಂದು ಕೇಳಿದ. ಒಂದು ಹುಲಿಕುರಿಯದು ಐತಿ ಅಂದೆ. ಅವನಿಗೆ ಆ ಆಟವೇ ಗೊತ್ತಿರಲಿಲ್ಲ. ನಾನು ಹಾಳಾದ ಪ್ರಿಂಟಿನ ಹಿಂಬದಿಗೆ ಮಣೆ ಬರೆದೆ. ಸ್ಟೇಪ್ಲರ್ ಪಿನ್ನಿನ ತುಂಡುಗಳು ಕುರಿ, ಪೆನ್ನಿನ ಮುಚ್ಚಳಗಳು ಹುಲಿ. ಆಮೇಲೆ ಕಂಪ್ಯೂಟರಿನಲ್ಲಿ ಫೈಲ್ ತೆರೆದು ಅಂಕಗಳನ್ನೂ ತೋರಿಸಿದೆ.

ಅವನು ಕೇಳಿದ, “ಅಕ್ಕಾರ, ಮುಚ್ಚಿದ ಹುಲಿಗೆ ಮೂವತ್ತ ಯಾಕ್ರಿ? ಇಪ್ಪತ್ತ ಯಾಕಲ್ಲ?”

ಯಾರೂ ಕೇಳದೆ ಇದ್ದದ್ದನ್ನು ಅವನು ಕೇಳಿದ. ನಾನು ಹೇಳತೊಡಗಿದೆ. ಒಂದು ಹುಲಿಯನ್ನು ಮುಚ್ಚಲು ಮೂರು ಕುರಿವರೆಗೆ ಉಣಿಸಬಹುದು, ಉಳಿದ ಹನ್ನೆರಡರಲ್ಲಿ ಆಟ ನಡೆಯುತ್ತದೆ. ನಾಲ್ಕನೆಯದು ಹೋದರೆ ಉಳಿದ ಹುಲಿಗಳನ್ನು ಮುಚ್ಚಲು ಮಂದಿ ಸಾಲುವುದಿಲ್ಲ. ಅದಕ್ಕೇ ಒಂದು ಹುಲಿಯ ಬೆಲೆ ಮೂರು ಕುರಿ, ಹೆಚ್ಚಲ್ಲ ಕಡಿಮೆಯಲ್ಲ. ಅವನು ನೋಟ್‌ಬುಕ್ ತೆಗೆದು ಬರೆದುಕೊಂಡ. ಐದು ಕುರಿ ಬರುವವರೆಗೆ ತಿನ್ನುವಂತಿಲ್ಲ ಎನ್ನುವುದು ಯಾಕೆ ಎಂದು ಕೇಳಿದ. ಅದನ್ನೂ ಹೇಳಿದೆ, ಬೇವೂರು ಕಡೆ ಒಬ್ಬ ಮುದುಕಿ ಹೀಗೆ ಆಡುತ್ತಿದ್ದಳು ಎಂದೂ ಹೇಳಿದೆ. ಮುದುಕಿ ನನ್ನ ಅಜ್ಜಿ ಎಂದು ಹೇಳಲಿಲ್ಲ. ನಾಲ್ಕು ಗಿರಾಕಿಗಳು ನಿಂತಿದ್ದರು, ನಿಲ್ಲಲಿ ಬಿಡು ಅಂದುಕೊಂಡೆ. ಕೊನೆಗೆ ಅವನು, “ನೀವು ನಮ್ಮ ಮೇಡಂಗಿಂತ ಛಲೋ ಹೇಳ್ತೀರ್ರಿ” ಅಂದ. ನಾನು ಫೋಲ್ಡರನ್ನು ಅವನ ಪೆನ್‌ಡ್ರೈವಿಗೆ ಹಾಕಿಕೊಟ್ಟೆ. ಕೊಡುವಾಗ ಮನಸ್ಸಿನಲ್ಲಿ ಅಂದುಕೊಂಡ ಮಾತು ನನಗೆ ಇನ್ನೂ ನೆನಪಿದೆ: ಆಟ ನನ್ನದೂ ಹೌದಲ್ಲ.

ಒಂದೇ ಆಟ ಇಬ್ಬರದಾದರೆ ಮೇಡಂ ಹಿಡಿಯುತ್ತಾರೆ ಎಂದು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳು. ಹೊಳೆಯಿತು. ಬದಲಿಸಿಕೊಳ್ರಿ ಎಂದು ಹೇಳಿದೆ. ಹೆಸರು ಬದಲಿಸಿದ, ಅಷ್ಟೇ. ಅವನು ಅದೇ ಸಂಜೆ ಪೋರ್ಟಲ್‌ಗೆ ಹಾಕಿಬಿಟ್ಟ. ತಮ್ಮ ಮರುದಿನ, ಸಾಲು ಸಾಲು ತಿದ್ದಿ, ಕೊನೆಯ ತಾಸಿನಲ್ಲಿ ಹಾಕಿದ.

ಮುಂದಿನ ವಾರ ಇಬ್ಬರನ್ನೂ ಕರೆದು ಮೇಡಂ ಕ್ಲಾಸಿನ ಮುಂದೆ ನಿಲ್ಲಿಸಿದರು. ಬೇರೆ ಜಿಲ್ಲೆಯವರು, ಆದರೆ ಹುಲಿಕುರಿ ಅವರಿಗೂ ಗೊತ್ತಿತ್ತು. ಎರಡು ಪ್ರೋಗ್ರಾಮಿನಲ್ಲೂ ಎಲ್ಲೂ ಇಲ್ಲದ ಒಂದು ಕಟ್ಟಳೆ, ಎರಡರಲ್ಲೂ ಮೂವತ್ತು. ಯಾರದನ್ನು ಯಾರು ತೆಗೆದುಕೊಂಡಿರಿ ಎಂದು ಕೇಳಿದರು. ಇಬ್ಬರೂ ನನ್ನದು ಅಂದರು. ಮೂವತ್ತು ಯಾಕೆ ಎಂದು ಮೇಡಂ ಕೇಳಿದಾಗ ಗಂಗಾವತಿಯ ಹುಡುಗ ಮೂರು ಕುರಿ, ಹನ್ನೆರಡು ಕುರಿ ಎಂದು ನಾನು ಹೇಳಿಕೊಟ್ಟದ್ದನ್ನು ಇಂಗ್ಲಿಷಿನಲ್ಲಿ ನೀಟಾಗಿ ಒಪ್ಪಿಸಿದ. ಬೇವೂರಿನ ಮುದುಕಿಯ ಕಥೆಯನ್ನೂ ಸೇರಿಸಿದ. ತಮ್ಮ, ಮೊದಲೇ ನಾಲ್ಕು ಜನರ ಮುಂದೆ ಬಾಯಿ ಕಟ್ಟುವವನು, “ನಮ್ಮಕ್ಕ ಹೇಳ್ಯಾಳ್ರಿ” ಅಂದ. ಕ್ಲಾಸೆಲ್ಲ ನಕ್ಕಿತಂತೆ.

ಮೇಡಂ ನಗಲಿಲ್ಲವಂತೆ. ಅವರ ಮೇಲೆ ನಾನು ಒಂದು ಮಾತೂ ಹೇಳಲಾರೆ. ಮೊದಲು ಹಾಕಿದವನು ಅವನು, ವಿವರಿಸಿದವನೂ ಅವನು, ಆದರೂ ಅವರು ತಮ್ಮನಿಗೆ ಒಂದು ದಾರಿ ಬಿಟ್ಟರು. ನಿಮ್ಮ ಅಕ್ಕನನ್ನು ಗುರುವಾರ ಹನ್ನೊಂದಕ್ಕೆ ಕರೆದುಕೊಂಡು ಬಾ, ಅವರು ನನ್ನ ಜೊತೆ ಒಂದಾಟ ಆಡಲಿ, ಈ ಕಟ್ಟಳೆ ಯಾರದು ಅವರ ಬಾಯಿಂದ ಕೇಳುತ್ತೇನೆ ಎಂದರು.

ತಮ್ಮ ಮನೆಗೆ ಬಂದು ಎಲ್ಲ ಹೇಳಿ, ಕಡೆಗೆ ಕೇಳಿದ.

“ಅಕ್ಕ, ನಿಮ್ಮ ಅಂಗಡ್ಯಾಗಿಂದ ಯಾರರ ನನ್ನ ಫೈಲ್ ಒಯ್ದಾರೇನ?”

“ಇಲ್ಲಪ. ನಿಂದು ಅವತ್ತ ಅಳಿಸೀನಿ.”

ತಟ್ಟನೆ ಬಂತು ಆ ಮಾತು. ಅವನು ಎರಡನೇ ಸಲ ಕೇಳಲಿಲ್ಲ. ಹಾಗಾದರೆ ಲ್ಯಾಬಿನಲ್ಲಿ ಪೆನ್‌ಡ್ರೈವ್ ಬಿಟ್ಟಾಗ ಪಕ್ಕದಲ್ಲಿದ್ದವನು ಹಿಟ್ನಾಳದ ಗೆಳೆಯ ಒಬ್ಬನೇ, ನಮ್ಮ ಮನೆಗೆ ಬಂದು ಹೋಗುವ ಅವನಿಗೆ ಅಜ್ಜಿಯ ಕಥೆಯೂ ಗೊತ್ತು, ಅವನೇ ಕೊಟ್ಟಿರಬೇಕು ಎಂದ. ನಾನು ಹಿಟ್ಟು ನಾದುತ್ತಿದ್ದೆ, ನಾದುತ್ತಲೇ ಇದ್ದೆ. ಗುರುವಾರ ಬರ್ತೀನಿ ಎಂದು ಹೇಳಿದೆ.

ಗುರುವಾರ ತಮ್ಮ ಮೊದಲೇ ಕಾಲೇಜಿಗೆ ಹೋಗಿದ್ದ, ನಾನು ಒಗೆದ ಸೀರೆ ಉಟ್ಟು, ಶೇರ್ ಆಟೋ ಹತ್ತಿ ಹೋದೆ. ಆಡುವುದಕ್ಕೆಂದು ಹುಣಸೆಬೀಜವನ್ನೂ ಕಟ್ಟಿಕೊಂಡಿದ್ದೆ. ಆಟೋದಲ್ಲಿ ನನಗೆ ನಾನೇ ಹೇಳಿಕೊಂಡೆ, ಕೊಟ್ಟದ್ದನ್ನು ಹೇಳುವುದೇ ಬೇಡ, ಕಟ್ಟಳೆ ನಮ್ಮ ಅಜ್ಜಿಯದು ಎಂದಷ್ಟು ಹೇಳಿದರೆ ಸಾಕು, ತಮ್ಮ ಉಳಿಯುತ್ತಾನೆ, ನಾನೂ ಉಳಿಯುತ್ತೇನೆ. ಗೇಟಿನ ಪಕ್ಕದ ಚಹಾದ ಡಬ್ಬಿ ಅಂಗಡಿಯ ಮುಂದೆ ಗಂಗಾವತಿಯ ಹುಡುಗ ನಿಂತಿದ್ದ. ನನ್ನನ್ನು ನೋಡಿದ. ಅವನಿಗೂ ಆಗಲೇ ಎಲ್ಲ ತಿಳಿದಿರಬೇಕು, ಚಹಾದ ಕಪ್ ಕೆಳಗಿಟ್ಟು ಹತ್ತಿರ ಬಂದ.

“ಅಕ್ಕಾರ, ಅವನ ಅಕ್ಕ ನೀವ ಏನ್ರಿ? ನನಗ ಗೊತ್ತಿರಲಿಲ್ರಿ.” ದನಿ ತಗ್ಗಿಸಿದ. “ನೀವು ಒಳಗ ಹೋದ್ರ ನನ್ನೂ ಕೇಳ್ತಾರ್ರಿ, ಎಲ್ಲಿಂದ ಬಂತಂತ. ಆಗ ನಾನೂ ಇದ್ದದ್ದು ಹೇಳಬೇಕಾಗ್ತೈತ್ರಿ. ನಿಮ್ಮ ಮಾಲಕರಿಗೂ ತ್ರಾಸು.”

ಹೆದರಿಸಿದ ಎಂದು ಬರೆಯಲೂ ಬರುವುದಿಲ್ಲ, ಅಷ್ಟು ಮರ್ಯಾದೆಯಿಂದ ಹೇಳಿದ. ಕೆಲಸ ಹೋದೀತು ಎಂಬ ಹೆದರಿಕೆ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ಕಾಲು ಹಿಡಿದದ್ದು ಅದಲ್ಲ. ಆ ಕೋಣೆಯಲ್ಲಿ, ಮೇಡಂ ಮುಂದೆ, ತಮ್ಮನ ಎದುರಿಗೇ, ಕೊಟ್ಟವಳು ಇವಳೇ ಎಂದು ಇವನು ಕೈ ತೋರಿಸುತ್ತಾನೆ. ಆಗ ತಮ್ಮ ನನ್ನ ಕಡೆ ನೋಡುವ ನೋಟ. ಅದನ್ನು ನೋಡಲಾರೆ ಎಂದು ತಿರುಗಿದೆ. ಎದುರಿನಿಂದ ಬಂದ ಆಟೋಗೆ ಕೈ ಮಾಡಿದೆ.

ತಮ್ಮ ಹನ್ನೊಂದರಿಂದ ಒಂದರವರೆಗೆ ಮೇಡಂ ಕೋಣೆಯ ಹೊರಗೆ ನಿಂತಿದ್ದನಂತೆ. ನನ್ನ ಫೋನು ನಾಲ್ಕು ಸಲ ರಿಂಗಾಯಿತು, ಎತ್ತಲಿಲ್ಲ. ಸಂಜೆ ಅವನು ಕೇಳಿದಾಗ ಮಾಲಕರು ಬಿಡಲಿಲ್ಲ ಎಂದೆ. ಹ್ಞೂಂ ಅಂದು ಲ್ಯಾಪ್‌ಟಾಪ್ ಮುಚ್ಚಿದ. ಬೈದಿದ್ದರೆ ನನಗೆ ಇಷ್ಟು ವರ್ಷ ಇದು ಹೀಗೆ ಕಚ್ಚುತ್ತಿರಲಿಲ್ಲವೇನೋ.

ಅಸೈನ್‌ಮೆಂಟಿಗೆ ಸೊನ್ನೆ ಬಂತು. ಪರೀಕ್ಷೆಗೆ ಕೂಡುವವರ ಪಟ್ಟಿಯಲ್ಲಿ ಆ ವಿಷಯದ ಕೆಳಗೆ ಅವನ ನಂಬರ್ ಇರಲಿಲ್ಲ. ಅಪ್ಪ ಕುಷ್ಟಗಿಯಿಂದ ಬಂದ ಭಾನುವಾರ, ಊಟಕ್ಕೆ ಕೂತಾಗ, ತುತ್ತು ಕೈಯಲ್ಲೇ ಹಿಡಿದು ಕೇಳಿದ.

“ಮಂದೀದು ಕದ್ದೀಯೇನ?”

“ಇಲ್ಲಪ್ಪ.”

ಅಪ್ಪ ನನ್ನ ಕಡೆ ತಿರುಗಿದ. ನೀ ಏನಂತಿ, ನಿನಗ ಈ ಕಾಗದದ ಕೆಲಸ ಗೊತ್ತಿರತೈತಲ್ಲ ಎಂದ. ಅಂವ ಹಂಗ ಮಾಡಾವಲ್ಲ ಎಂದೆ. ಅಷ್ಟು ಹೇಳಿ ಎರಡನೇ ರೊಟ್ಟಿ ನೀಡಿದೆ. ಅಪ್ಪ ನಂಬಿದನೋ ಇಲ್ಲವೋ ತಿಳಿಯಲಿಲ್ಲ, ಉಂಡು ಎದ್ದ. ತಮ್ಮ ಮಾತ್ರ ನನ್ನ ಕಡೆ ನೋಡಿದ, ತನ್ನ ಪರವಾಗಿ ಮಾತಾಡಿದ್ದಕ್ಕೆ. ಆ ನೋಟದಲ್ಲಿ ಉಪಕಾರ ಇತ್ತು. ನಾನು ಒಲೆಯ ಕಡೆ ತಿರುಗಿದೆ.

ಇಷ್ಟರಲ್ಲಿ ತಮ್ಮ ಹಿಟ್ನಾಳಕ್ಕೆ ಹೋಗಿ ಗೆಳೆಯನ ಜೊತೆ ಜಗಳಾಡಿ ಬಂದಿದ್ದ. ಆ ಹುಡುಗ ನಮ್ಮ ಮನೆಗೆ ಎಷ್ಟೋ ಸಲ ಉಣ್ಣಲು ಬಂದವನು, ನನ್ನ ಕೈಯ ಶೇಂಗಾ ಚಟ್ನಿ ಕಟ್ಟಿಸಿಕೊಂಡು ಹೋಗುತ್ತಿದ್ದವನು. ತಾನು ಕೊಟ್ಟಿಲ್ಲ ಎಂದು ತಾಯಿಯ ಮೇಲೆ ಆಣೆ ಇಟ್ಟನಂತೆ. ತಮ್ಮ ನಂಬಲಿಲ್ಲ. ಎರಡು ತಿಂಗಳ ಮೇಲೆ ಆ ಗೆಳೆಯ ಅಂಗಡಿಗೆ ಬಂದು ನನಗೆ ಹೇಳಿದ, “ಅಕ್ಕ, ನೀವರ ಅವಗ ತಿಳಿಸಿ ಹೇಳ್ರಿ.” ಹೇಳ್ತೀನಿ ಅಂದೆ. ಅವನ ಪ್ರಿಂಟನ್ನು ಸ್ಪೈರಲ್ ಹಾಕಿ ಕೊಟ್ಟು ಕಳಿಸಿದೆ.

ಗಂಗಾವತಿಯ ಹುಡುಗ ಪಾಸಾದ. ಅಂಗಡಿಗೆ ಬರುವುದನ್ನು ನಿಲ್ಲಿಸಿದ್ದ, ಬೇರೆ ಅಂಗಡಿಗೆ ಹೋಗುತ್ತಿದ್ದ. ಅದಕ್ಕಾಗಿ ಮಾಲಕರು ನನ್ನನ್ನೇ ಬೈದರು, ಗಿರಾಕಿಯ ಜೊತೆ ಏನು ಮಾತಾಡಿದೆ ಎಂದು. ನಾನು ತಮ್ಮನನ್ನು ಬಿಟ್ಟು ಕಾಪಾಡಿಕೊಂಡ ಕೆಲಸ ಅದು.

ಒಂದು ವರ್ಷ ಹೋಯಿತು. ತನ್ನ ಕ್ಲಾಸಿನವರು ಮುಂದೆ ಹೋದ ಮೇಲೂ ತಮ್ಮ ಆ ಒಂದು ವಿಷಯಕ್ಕೆ ಕಿರಿಯರ ಜೊತೆ ಕೂತು ಮತ್ತೆ ಕೇಳಿದ. ಮೇಡಂ ಅವರೇ, ಅಸೈನ್‌ಮೆಂಟ್ ಬೇರೆ. ಈ ಸಲ ಆಟ ಅಥವಾ ಒಗಟು ಯಾವುದಾದರೂ ಆಗಬಹುದಿತ್ತು. ಒಂದು ಭಾನುವಾರ ಬೆಳಿಗ್ಗೆ, ಅವ್ವ ನೀರಿಗೆ ಹೋಗಿದ್ದಾಗ, ಅವನು ಹೊರಗಿನ ಕೋಣೆಯಲ್ಲಿ ಕೂತು ಒಂಬತ್ತು ಮನೆಯ ಒಂದು ಚೌಕ ಬರೆದುಕೊಂಡಿದ್ದ. ಎಂಟು ಮನೆಯಲ್ಲಿ ಒಂದರಿಂದ ಎಂಟು, ಒಂದು ಮನೆ ಖಾಲಿ. ಖಾಲಿ ಮನೆಗೆ ಪಕ್ಕದ ಅಂಕಿ ಸರಿಸುತ್ತ ಸರಿಸುತ್ತ ಎಲ್ಲವನ್ನೂ ಸಾಲಿಗೆ ತರಬೇಕು.

ಒಂದು ವರ್ಷದಿಂದ ನಾನು ಅವನ ಓದಿನ ಹತ್ತಿರ ಹೋಗಿರಲಿಲ್ಲ. ಆ ದಿನ ಯಾಕೋ ಚಹಾ ಕೊಟ್ಟು ಅಲ್ಲೇ ಕೂತೆ. ಹ್ಯಾಂಗ ಮಾಡತೈತಿ ಇದು ಎಂದು ಕೇಳಿದೆ. ಅವನು ತಲೆ ಎತ್ತದೆ ಹೇಳಿದ. ಎ ಸ್ಟಾರ್ ಅಂತ ಇದರ ಹೆಸರು. ಇಲ್ಲಿಯವರೆಗೆ ಎಷ್ಟು ಸಲ ಸರಿಸಿದ್ದೇವೆ ಅದನ್ನು ಒಂದು ಕಡೆ ಇಡಬೇಕು. ಪ್ರತಿ ಅಂಕಿಯೂ ತನ್ನ ಜಾಗದಿಂದ ಎಷ್ಟು ಮನೆ ದೂರ ಇದೆ ಎಣಿಸಿ ಎಲ್ಲ ಕೂಡಿಸಬೇಕು. ಎರಡೂ ಕೂಡಿ ಯಾವುದು ಕಡಿಮೆಯೋ ಆ ದಾರಿಯನ್ನು ಮೊದಲು ಬಿಚ್ಚಿ ನೋಡುತ್ತದೆ.

ಖಾಲಿ ಮನಿ ಎಣಿಸಲಿಲ್ಲಲ್ಲ ಎಂದೆ. ಅದನ್ನು ಎಣಿಸಬಾರದು ಅಂದ. ಒಂದೇ ಅಂಕಿ ಒಂದೇ ಮನೆ ಸರಿದರೆ ಮುಗಿಯುವ ಕಡೆ, ಖಾಲಿಯನ್ನೂ ಎಣಿಸಿದರೆ ಎರಡು ಎಂದು ತೋರಿಸುತ್ತದೆ. ಇರುವುದಕ್ಕಿಂತ ದೂರ ಹೆಚ್ಚು ಕಂಡರೆ, ಸಿಕ್ಕ ದಾರಿಯೇ ಎಲ್ಲಕ್ಕಿಂತ ಸಣ್ಣದು ಎನ್ನುವ ಖಾತ್ರಿ ಉಳಿಯುವುದಿಲ್ಲ.

ಹುಲಿಕುರಿ ಯಾಕೆ ಮತ್ತೆ ಮಾಡಲಿಲ್ಲ ಎಂದು ಕೇಳಿದೆ. ಕೇಳಬಾರದಿತ್ತು, ಅಥವಾ ಅದನ್ನೇ ಕೇಳಬೇಕೆಂದು ಕೂತಿದ್ದೆನೋ.

“ಇದರಾಗ ಎದುರಿಗೆ ಯಾರೂ ಇರೂದಿಲ್ಲಕ್ಕ,” ಅಂದ. “ನಾನೂ ಅಂಕೀನೂ ಅಷ್ಟ.” ಲ್ಯಾಪ್‌ಟಾಪಿನ ಕಡೆ ನೋಡುತ್ತಲೇ, ಈಗ ತಾನು ಪೆನ್‌ಡ್ರೈವನ್ನು ಯಾರ ಹತ್ತಿರವೂ ಇಡುವುದಿಲ್ಲ, ಗೆಳೆಯ ಅಂತ ನಂಬಿದವನೇ ಕೈ ಕೊಟ್ಟ ಎಂದ. ನಿನ್ನೆ ಆ ಹಿಟ್ನಾಳದವನು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ ಮಾತಾಡಿಸಲು ಬಂದನಂತೆ. ತಾನು ಮುಖ ತಿರುಗಿಸಿದೆ ಎಂದು ಹೇಳಿ, ಆ ನೆನಪಿಗೆ ಒಂಥರಾ ಸಮಾಧಾನಪಟ್ಟುಕೊಂಡು ಚಹಾ ಕುಡಿದ. “ನೀ ಒಬ್ಬಾಕಿ ಆವಾಗ ಅಪ್ಪನ ಮುಂದ ನನ್ನ ಪರವಾಗಿ ಮಾತಾಡಿದಿ.”

ಹಿಟ್ನಾಳದ ಹುಡುಗನ ಮುಖ ಕಣ್ಣಮುಂದೆ ಬಂತು, ಸ್ಪೈರಲ್ ಹಾಕಿಸಿಕೊಂಡು ಸುಮ್ಮನೆ ಹೋದವನದು. ಇನ್ನೂ ಒಂದು ವರ್ಷ ಸುಮ್ಮನಿದ್ದರೂ ನನ್ನನ್ನು ಯಾರೂ ಹಿಡಿಯುತ್ತಿರಲಿಲ್ಲ. ನನ್ನ ತಮ್ಮ ಸಾಯುವವರೆಗೆ ನನ್ನ ಉಪಕಾರ ನೆನೆಯುತ್ತಿದ್ದ. ಅದು ನನಗೆ ಎಲ್ಲಕ್ಕಿಂತ ಅಸಹ್ಯ ಅನ್ನಿಸಿತು.

“ಕೊಟ್ಟಾಂವ ಅಂವ ಅಲ್ಲ,” ಎಂದೆ. “ನಾ ಕೊಟ್ಟೆ. ನಿನ್ನ ಫೈಲ್ ಅಳಿಸಿರಲಿಲ್ಲ. ಗಂಗಾವತಿ ಹುಡುಗಗ ನನ್ನ ಕೈಯಾರ ಕೊಟ್ಟು, ಮೂವತ್ತು ಯಾಕಂತ ಕಲಿಸಿ ಕಳಿಸಿದೆ.”

ಅವನು ಬಟ್ಟಲು ಕೆಳಗಿಟ್ಟ. ನನ್ನ ಕಡೆ ನೋಡಲಿಲ್ಲ, ಲ್ಯಾಪ್‌ಟಾಪಿನ ಕಡೆಯೂ ನೋಡಲಿಲ್ಲ.

“ಯಾಕ?”

ವರದಿಯ ಆ ಒಂದು ಸಾಲಿನ ಬಗ್ಗೆ ಹೇಳಿದೆ. ಹೇಳುವಾಗಲೇ ಅದು ಎಷ್ಟು ಸಣ್ಣದು ಎಂದು ನನ್ನ ಕಿವಿಗೇ ಕೇಳಿಸಿತು. ಗುರುವಾರ ಮಾಲಕರು ಬಿಡದೆ ಇದ್ದದ್ದಲ್ಲ, ಕಾಲೇಜಿನ ಮುಂದೆ ಇಳಿದು ಅಂಜಿ ತಿರುಗಿ ಬಂದೆ ಎಂಬುದನ್ನೂ ಹೇಳಿದೆ. ಅವನು ಎದ್ದು ಬಾಗಿಲವರೆಗೆ ಹೋದ. ಚಪ್ಪಲಿ ಮೆಟ್ಟಿಕೊಂಡ. ಎಲ್ಲಿಗೆ ಎಂದು ಕೇಳಿದೆ. ಹಿಟ್ನಾಳಕ್ಕೆ ಅಂದ. ಹೊಸ್ತಿಲಲ್ಲಿ ಬೆನ್ನು ಹಾಕಿ ನಿಂತವನಿಗೆ, ಆ ಬೆನ್ನಿಗೇ, ಹೇಳಿದೆ.

“ನಂದು ತಪ್ಪಾಗೇತಿ, ತಮ್ಮಾ. ನಿನ್ನ ಒಂದು ವರ್ಷ ಹಾಳು ಮಾಡಿದೆ, ಏನೂ ಮಾಡದಾಂವಗ ಕಳ್ಳ ಅನ್ನಿಸಿದೆ. ಕ್ಷಮಿಸು ಅಂತ ಕೇಳಾಕ ನನಗ ಮಾರಿ ಇಲ್ಲ. ಆದರೂ ಕೇಳ್ತೀನಿ. ಕ್ಷಮಿಸು.”